ಬೆಳಗಾಗುವಷ್ಟರಲ್ಲಿ ಜ್ವರ: ಮ್ಯಾನೇಜರ್‌ಗೆ ರಜೆಯ ಮೆಸೇಜು ಬರೆಯುವುದು ಹೇಗೆ?

ಒಂದು ಉದಾಹರಣೆ ಹಿಡಿದು ಹೊರಡೋಣ. ಆಗಸ್ಟ್ 7, ಬೆಳಿಗ್ಗೆ ಏಳು ಗಂಟೆ. ರಾಜಾಜಿನಗರದಲ್ಲಿ ವಿದ್ಯುತ್ ಸಾಮಾನುಗಳ ಸಗಟು ವ್ಯಾಪಾರದ ಒಂದು ಆಫೀಸು. ಅಲ್ಲಿ ಅಕೌಂಟ್ಸ್ ನೋಡಿಕೊಳ್ಳುವ ಹುಡುಗಿಗೆ ಇದು ಮೊದಲ ಕೆಲಸ, ಸಂಬಳ 19,000. ರಾತ್ರಿಯೆಲ್ಲ ಚಳಿಜ್ವರ ಬಂದು ಎದ್ದು ನಿಲ್ಲಲೂ ಆಗುತ್ತಿಲ್ಲ. ಆಫೀಸು ಶುರುವಾಗುವುದು ಒಂಬತ್ತೂವರೆಗೆ. ಅದೂ ಸಾಲದೆಂಬಂತೆ ಜುಲೈ ತಿಂಗಳ ಟಿಡಿಎಸ್ ಕಟ್ಟಲು ಇವತ್ತೇ ಕೊನೆಯ ದಿನ. ಮೊಬೈಲು ಕೈಗೆತ್ತಿಕೊಂಡ ಅವಳು ಮೊದಲು ಬರೆದದ್ದು ಹೀಗಿತ್ತು:

“ಗುಡ್ ಮಾರ್ನಿಂಗ್ ಸರ್. ತುಂಬಾ ತುಂಬಾ ಸಾರಿ ಸರ್. ನಿನ್ನೆ ಬರುವಾಗ ಮಳೆಯಲ್ಲಿ ನೆಂದಿದ್ದೆ, ಏನೂ ಆಗಲ್ಲ ಅಂದ್ಕೊಂಡಿದ್ದೆ. ರಾತ್ರಿ ಎರಡು ಗಂಟೆಗೆ ಚಳಿ ಶುರುವಾಯ್ತು, ಮಾತ್ರೆ ತಗೊಂಡೆ, ಕಡಿಮೆ ಆಗಿಲ್ಲ. ಈಗ ನೋಡಿದ್ರೆ 101 ಇದೆ, ಎರಡು ಸಲ ವಾಂತಿನೂ ಆಯ್ತು. ಇವತ್ತು ಏಳನೇ ತಾರೀಖು ಅಂತ ಗೊತ್ತು ಸರ್, ಇಂಥ ದಿನವೇ ಹೀಗಾಯ್ತಲ್ಲ ಅಂತ ತುಂಬಾ ಬೇಜಾರಾಗ್ತಿದೆ. ಆದ್ರೆ ಮಧ್ಯಾಹ್ನದ ಮೇಲೆ ಬರೋಕೆ ಟ್ರೈ ಮಾಡ್ತೀನಿ, ಇಲ್ಲಾಂದ್ರೆ ಮನೆಯಿಂದಲೇ ನೋಡ್ತೀನಿ. ದಯವಿಟ್ಟು ತಪ್ಪು ತಿಳ್ಕೋಬೇಡಿ. ಇವತ್ತೊಂದಿನ ರಜೆ ಸಿಗಬಹುದಾ ಸರ್?”

ಇದರಲ್ಲಿ ಸುಳ್ಳೇನೂ ಇಲ್ಲ, ವಿನಯಕ್ಕೂ ಕೊರತೆಯಿಲ್ಲ. ಆದರೆ ಓದಿ ಮುಗಿಸಿದ ಮ್ಯಾನೇಜರ್‌ಗೆ ಬೇಕಾದ ಒಂದೇ ಒಂದು ವಿಷಯವೂ ಇದರಿಂದ ಗೊತ್ತಾಗುವುದಿಲ್ಲ. ಬರುತ್ತಾಳೋ ಇಲ್ಲವೋ? ಟಿಡಿಎಸ್ ಲೆಕ್ಕ ಎಲ್ಲಿದೆ, ಎಷ್ಟರಮಟ್ಟಿಗೆ ಆಗಿದೆ? ನಾಳೆಯ ಕಥೆ ಏನು? ಇನ್ನು ಅವರು ಫೋನ್ ಮಾಡಿ ಕೇಳಬೇಕು, ಇವಳು ಜ್ವರದಲ್ಲೇ ಎದ್ದು ಉತ್ತರ ಕೊಡಬೇಕು. ಈ ಮೆಸೇಜನ್ನೇ ಹಂತ ಹಂತವಾಗಿ ಸರಿಮಾಡೋಣ.

ಹಂತ 1: ಬರೆಯುವ ಮುನ್ನ ತೀರ್ಮಾನ

ಮೆಸೇಜು ಉದ್ದವಾಗುವುದಕ್ಕೆ ಸಾಮಾನ್ಯ ಕಾರಣ, ಬರೆಯುವವರೇ ಇನ್ನೂ ತೀರ್ಮಾನಕ್ಕೆ ಬಂದಿರುವುದಿಲ್ಲ. “ಟ್ರೈ ಮಾಡ್ತೀನಿ”, “ನೋಡ್ತೀನಿ”, “ಸಾಧ್ಯವಾದರೆ” ಎಂಬ ಮಾತುಗಳೆಲ್ಲ ಆ ಗೊಂದಲದಿಂದ ಬರುತ್ತವೆ. ಹಾಗಾಗಿ ಟೈಪ್ ಮಾಡುವ ಮೊದಲು ಎರಡು ವಿಷಯ ಗಟ್ಟಿ ಮಾಡಿಕೊಳ್ಳಿ. ಇವತ್ತು ಪೂರ್ತಿ ರಜೆಯೋ ಅರ್ಧ ದಿನವೋ? ಮನೆಯಿಂದ ಕೆಲಸ ಮಾಡುತ್ತೀರೋ ಇಲ್ಲವೋ? 101 ಡಿಗ್ರಿ ಜ್ವರದಲ್ಲಿ ಮಧ್ಯಾಹ್ನ ಎದ್ದು ಹೋಗುತ್ತೇನೆ ಎಂಬುದು ಸಾಮಾನ್ಯವಾಗಿ ಆಗದ ಮಾತು. ಅನುಮಾನವಿದ್ದರೆ ಪೂರ್ತಿ ದಿನ ಎಂದೇ ಹೇಳಿಬಿಡಿ. ಬರುತ್ತೇನೆಂದು ಹೇಳಿ ಮಧ್ಯಾಹ್ನ ಮತ್ತೆ “ಆಗ್ತಿಲ್ಲ ಸರ್” ಎಂದರೆ ಒಂದು ರಜೆಗೆ ಎರಡು ಸಲ ಕ್ಷಮೆ ಕೇಳಿದಂತಾಗುತ್ತದೆ. ಮ್ಯಾನೇಜರೂ ಅಷ್ಟು ಹೊತ್ತಿಗೆ ಕೆಲಸವನ್ನು ನಿಮಗಾಗಿ ಎತ್ತಿಟ್ಟಿರುತ್ತಾರೆ.

ನಾಳೆಯದನ್ನು ಇವತ್ತು ಬೆಳಿಗ್ಗೆಯೇ ತೀರ್ಮಾನಿಸುವ ಅಗತ್ಯವಿಲ್ಲ. “ನಾಳೆ ಖಂಡಿತ ಬರ್ತೀನಿ” ಎಂದು ಮಾತು ಕೊಡಬೇಡಿ. ಜ್ವರ ನಿಮ್ಮ ಮಾತು ಕೇಳುವುದಿಲ್ಲ.

ಹಂತ 2: ಯಾರಿಗೆ, ಯಾವಾಗ, ಯಾವುದರಲ್ಲಿ

ಎಚ್ಚರವಾಗಿ ತೀರ್ಮಾನ ಆದ ತಕ್ಷಣ ಕಳಿಸಿ. “ಇಷ್ಟು ಬೇಗ ಕಳಿಸಿದರೆ ಏನಂದುಕೊಳ್ಳುತ್ತಾರೋ” ಎಂದು ಎಂಟೂವರೆಯವರೆಗೆ ಕಾಯುವವರಿದ್ದಾರೆ. ಬೆಳಿಗ್ಗೆ ಏಳಕ್ಕೆ ಬಂದ ಮೆಸೇಜಿನಿಂದ ಯಾರಿಗೂ ತೊಂದರೆಯಿಲ್ಲ, ಮ್ಯಾನೇಜರ್ ಆಫೀಸಿಗೆ ಹೊರಡುವ ಮೊದಲೇ ಬದಲಿ ವ್ಯವಸ್ಥೆ ಯೋಚಿಸಬಹುದು. ಒಂಬತ್ತೂ ಇಪ್ಪತ್ತಕ್ಕೆ ಬಂದ ಮೆಸೇಜಿಗೆ ಎಷ್ಟು ಸಾರಿ ಸೇರಿಸಿದರೂ ಆ ಎರಡು ಗಂಟೆ ವಾಪಸ್ಸು ಬರುವುದಿಲ್ಲ.

ಕಳಿಸಬೇಕಾದದ್ದು ನೇರವಾಗಿ ಮ್ಯಾನೇಜರ್‌ಗೆ, ಅವರ ಖಾಸಗಿ ಚಾಟ್‌ನಲ್ಲಿ. ಟೀಮಿನ ಗ್ರೂಪಿನಲ್ಲಿ ಹಾಕಿದರೆ ಹತ್ತು ಜನರ “ಗೆಟ್ ವೆಲ್ ಸೂನ್” ಅಡಿಯಲ್ಲಿ ಅದು ಕಳೆದುಹೋಗುತ್ತದೆ, ಜೊತೆಗೆ ನಿಮ್ಮ ಆರೋಗ್ಯದ ವಿಷಯ ಎಲ್ಲರ ಮುಂದೆ ಹರಡಿದಂತಾಗುತ್ತದೆ. ಪಕ್ಕದ ಸೀಟಿನವರಿಗೆ ಫೋನ್ ಮಾಡಿ “ಸರ್‌ಗೆ ಹೇಳಿಬಿಡಿ” ಎನ್ನುವುದಂತೂ ಬೇಡ. ಅವರು ಮರೆತರೆ ತಪ್ಪು ನಿಮ್ಮ ತಲೆಗೇ ಬರುತ್ತದೆ.

ಕೆಲವು ಕೆಲಸಗಳಿಗೆ ಮೆಸೇಜು ಸಾಲದು. ನೀವು ಹೋಗದಿದ್ದರೆ ಯಂತ್ರ, ಬಸ್ಸು, ವಾರ್ಡು ಅಥವಾ ತರಗತಿ ಖಾಲಿ ಉಳಿಯುತ್ತದೆ ಎಂದಾದರೆ ಮೊದಲು ಫೋನ್ ಮಾಡಿ, ಮೆಸೇಜನ್ನು ದಾಖಲೆಗೆಂದು ಆಮೇಲೆ ಕಳಿಸಿ. ಪಾಳಿ ಶುರುವಾಗಲು ಒಂದು ಗಂಟೆಯೂ ಇಲ್ಲದಿದ್ದಾಗಲೂ ಇದೇ ಕ್ರಮ. ನಮ್ಮ ಅಕೌಂಟ್ಸ್ ಹುಡುಗಿಗೆ ಎರಡೂವರೆ ಗಂಟೆ ಸಮಯವಿದೆ, ಮೆಸೇಜು ಸಾಕು.

ಹಂತ 3: ಮೊದಲ ಸಾಲಿನಲ್ಲೇ ವಿಷಯ

ಮೊಬೈಲಿನ ಪರದೆಯ ಮೇಲೆ ನೋಟಿಫಿಕೇಶನ್ ಬಂದಾಗ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ. “ಗುಡ್ ಮಾರ್ನಿಂಗ್ ಸರ್. ತುಂಬಾ ತುಂಬಾ ಸಾರಿ ಸರ್. ನಿನ್ನೆ ಬರುವಾಗ…” ಎಂದಷ್ಟೇ ಕಂಡರೆ ಮ್ಯಾನೇಜರ್‌ಗೆ ಎದೆ ಧಸಕ್ಕೆನ್ನುತ್ತದೆ. ಏನಾಯಿತು, ಅಪಘಾತವೇ, ದುಡ್ಡು ಕಳೆಯಿತೇ, ಕೆಲಸ ಬಿಡುತ್ತಿದ್ದಾಳೆಯೇ? ಹಾಗಾಗಿ ನಮಸ್ಕಾರದ ನಂತರ ಬರುವ ಮೊದಲ ವಾಕ್ಯದಲ್ಲೇ ಕಾರಣ ಮತ್ತು ಫಲಿತಾಂಶ ಎರಡೂ ಇರಲಿ:

“ಗುಡ್ ಮಾರ್ನಿಂಗ್ ಸರ್. ರಾತ್ರಿಯಿಂದ ಜ್ವರ ಇದೆ, ಇವತ್ತು ಆಫೀಸಿಗೆ ಬರೋಕಾಗಲ್ಲ. ಸಿಕ್ ಲೀವ್ ಹಾಕ್ತೀನಿ.”

ಕಾರಣಕ್ಕೆ ಇಷ್ಟು ಸಾಕು. ಜ್ವರ, ಹೊಟ್ಟೆ ಸರಿಯಿಲ್ಲ, ಬೆನ್ನು ಹಿಡಿದುಕೊಂಡಿದೆ, ಮೈಗ್ರೇನ್ ಹೀಗೆ ಒಂದು ಪದ ಅಥವಾ ಪದಗುಚ್ಛ. ಅದನ್ನೂ ಹೇಳಲು ಇಷ್ಟವಿಲ್ಲದಿದ್ದರೆ “ಹುಷಾರಿಲ್ಲ” ಎಂದರೆ ಆಯಿತು. ಮುಟ್ಟಿನ ನೋವಿಗೂ ಮನಸ್ಸಿನ ಕಾಯಿಲೆಗೂ ಅದೇ ಪದ ನಡೆಯುತ್ತದೆ, ಸುಳ್ಳೂ ಆಗುವುದಿಲ್ಲ. ಆದರೆ ಇಲ್ಲದ ಜ್ವರವನ್ನು ತರಿಸಿಕೊಳ್ಳಬೇಡಿ. ಹೊಟ್ಟೆನೋವನ್ನು ಹೇಳಲು ಮುಜುಗರವಾಗಿ ಜ್ವರ ಎಂದು ಬರೆದರೆ, ಮರುದಿನ ಕ್ಯಾಂಟೀನಿನಲ್ಲಿ ಯಾರೋ “ಜ್ವರ ಬಿಡ್ತಾ?” ಎಂದು ಕೇಳಿದಾಗ ಕಥೆಯನ್ನು ಮುಂದುವರಿಸಬೇಕಾಗುತ್ತದೆ.

ವಿವರ ಹೆಚ್ಚಾದಷ್ಟೂ ನಂಬಿಕೆ ಹೆಚ್ಚುತ್ತದೆ ಎಂದು ನಾವು ತಿಳಿದಿರುತ್ತೇವೆ. ಆಗುವುದು ಇದರ ತಿರುಗಾಮುರುಗಾ. ಮಳೆಯಲ್ಲಿ ನೆಂದದ್ದು, ಎರಡು ಗಂಟೆಯ ಚಳಿ, ಮಾತ್ರೆ, ಥರ್ಮಾಮೀಟರಿನ ಅಂಕಿ, ವಾಂತಿಯ ಎಣಿಕೆ ಎಲ್ಲವನ್ನೂ ಸಾಲಾಗಿ ಜೋಡಿಸಿದಾಗ ಅದು ಸಾಕ್ಷಿ ಹೇಳಿಕೆಯ ಹಾಗೆ ಕಾಣತೊಡಗುತ್ತದೆ. ಯಾರೂ ಹೊರಿಸದ ಆರೋಪಕ್ಕೆ ಸಾಕ್ಷಿ ಯಾಕೆ ಎಂಬ ಸಣ್ಣ ಅನುಮಾನ ಓದುವವರಲ್ಲಿ ಹುಟ್ಟುವುದೇ ಆಗ. ಇನ್ನೊಂದು ತೊಂದರೆಯೂ ಇದೆ. ಪ್ರತಿಯೊಂದು ವಿವರವೂ ಒಂದೊಂದು ಸಲಹೆಗೆ ಬಾಗಿಲು ತೆರೆಯುತ್ತದೆ. “ಮಳೆಯಲ್ಲಿ ಯಾಕೆ ನೆಂದಿರಿ”, “ಆ ಮಾತ್ರೆ ಬೇಡ, ಇದು ತಗೊಳ್ಳಿ”, “101 ಏನು ಮಹಾ, ಮಧ್ಯಾಹ್ನಕ್ಕೆ ಇಳಿಯುತ್ತೆ.” ಕೊನೆಯದೇ ಅಪಾಯದ್ದು. ಅಂಕಿ ಕೊಟ್ಟರೆ ಅದರ ಮೇಲೆ ಚೌಕಾಸಿ ಶುರುವಾಗುತ್ತದೆ.

“ರಜೆ ಸಿಗಬಹುದಾ?” ಎಂಬ ಪ್ರಶ್ನೆಯನ್ನೂ ತೆಗೆದಿದ್ದೇವೆ. ಮುಂದಿನ ತಿಂಗಳ ಮದುವೆಗೆ ರಜೆ ಬೇಕಾದರೆ ಅನುಮತಿ ಕೇಳಬೇಕು, ಸರಿ. ಜ್ವರಕ್ಕೆ ಕೇಳಿದರೆ ಮ್ಯಾನೇಜರನ್ನೇ ಪೇಚಿಗೆ ಸಿಕ್ಕಿಸಿದಂತೆ, ಅವರು ಇಲ್ಲ ಎನ್ನುವ ಹಾಗಿಲ್ಲ. ಹಾಗೆಂದು “ನಾನು ಬರಲ್ಲ” ಎನ್ನುವುದು ಒರಟು. “ಬರೋಕಾಗಲ್ಲ, ಸಿಕ್ ಲೀವ್ ಹಾಕ್ತೀನಿ” ಎಂಬುದರಲ್ಲಿ ಅಸಹಾಯಕತೆಯೂ ಇದೆ, ತೀರ್ಮಾನವೂ ಇದೆ. ಕರ್ನಾಟಕದ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ ಇಂಥ ಆಫೀಸಿನ ನೌಕರರಿಗೆ ಕಾಯಿಲೆ, ಅಪಘಾತ ಅಥವಾ ಬೇರೆ ಸಕಾರಣಕ್ಕೆ ವರ್ಷಕ್ಕೆ 12 ದಿನಗಳವರೆಗೆ ಸಂಬಳ ಸಹಿತ ರಜೆ ಕೊಟ್ಟಿದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಕೈ ತಾನಾಗಿಯೇ ಬೇಡುವ ಧಾಟಿಯನ್ನು ಬಿಡುತ್ತದೆ. ಮೆಸೇಜಿನಲ್ಲಿ ಮಾತ್ರ ಕಾಯ್ದೆಯ ಹೆಸರು ಎತ್ತಬೇಡಿ, ಜಗಳಕ್ಕೆ ಕರೆದಂತಿರುತ್ತದೆ.

ಹಂತ 4: ಇವತ್ತು ನಿಲ್ಲಬಾರದ ಕೆಲಸ

ಇಡೀ ಮೆಸೇಜಿನಲ್ಲಿ ಹೆಚ್ಚು ಯೋಚಿಸಿ ಬರೆಯಬೇಕಾದ ಭಾಗ ಇದೇ. ಮೊದಲ ಕರಡಿನಲ್ಲಿ ಕಾಯಿಲೆಗೆ ಐದು ವಿವರ, ಕೆಲಸಕ್ಕೆ ಒಂದೂ ಇಲ್ಲ. “ಏಳನೇ ತಾರೀಖು ಅಂತ ಗೊತ್ತು” ಎಂದಷ್ಟೇ ಹೇಳಿ ಅವಳು ಬೇಜಾರಿಗೆ ಹೊರಳಿಬಿಟ್ಟಳು.

ಟಿಡಿಎಸ್ ವಿಷಯದಲ್ಲಿ ಒಂದು ದಿನ ತಪ್ಪಿದರೆ ಏನಾಗುತ್ತದೆ ನೋಡಿ. ಕಡಿತ ಮಾಡಿದ ತೆರಿಗೆಯನ್ನು ಮುಂದಿನ ತಿಂಗಳ 7ರೊಳಗೆ ಕಟ್ಟಬೇಕು. ತಡವಾದರೆ ತಿಂಗಳಿಗೆ ಶೇಕಡಾ 1.5ರಂತೆ ಬಡ್ಡಿ, ಅದೂ ಕಡಿತ ಮಾಡಿದ ದಿನದಿಂದ ಎಣಿಸಿ, ತಿಂಗಳ ತುಣುಕನ್ನೂ ಪೂರ್ತಿ ತಿಂಗಳೆಂದು ಹಿಡಿದು. ಜುಲೈ ಕೊನೆಗೆ ಕಡಿತ ಮಾಡಿದ್ದನ್ನು ಆಗಸ್ಟ್ 8ಕ್ಕೆ ಕಟ್ಟಿದರೆ ಲೆಕ್ಕಕ್ಕೆ ಎರಡು ತಿಂಗಳು ಬರುತ್ತದೆ, ಅಂದರೆ ಶೇಕಡಾ 3. ಮೊತ್ತ 40,000 ರೂಪಾಯಿ ಆಗಿದ್ದರೆ ಒಂದು ದಿನದ ತಡಕ್ಕೆ 1,200 ರೂಪಾಯಿ. ಅವಳು ಎಷ್ಟು ಸಲ ಸಾರಿ ಹೇಳಿದಳು ಎಂಬುದು ಮಾಲೀಕರಿಗೆ ನೆನಪಿರುವುದಿಲ್ಲ, ಈ 1,200 ನೆನಪಿರುತ್ತದೆ.

ಹಾಗಾಗಿ ನಿಮ್ಮನ್ನು ನೀವೇ ಕೇಳಿಕೊಳ್ಳಿ: ನಾನಿಲ್ಲದೆ ಇವತ್ತೇ ಕೆಡುವ ಕೆಲಸ ಯಾವುದು? ಹೆಚ್ಚಿನ ದಿನಗಳಲ್ಲಿ ಉತ್ತರ ಒಂದೇ ಇರುತ್ತದೆ, ಎಷ್ಟೋ ದಿನ ಏನೂ ಇರುವುದಿಲ್ಲ. ಆ ಒಂದರ ಬಗ್ಗೆ ಮೂರು ಸಂಗತಿ ಹೇಳಿ: ಎಲ್ಲಿಯವರೆಗೆ ಆಗಿದೆ, ಬೇಕಾದದ್ದು ಎಲ್ಲಿದೆ, ಏನು ಬಾಕಿ.

“ಇವತ್ತು ಟಿಡಿಎಸ್ ಕಟ್ಟೋಕೆ ಕೊನೇ ದಿನ. ಲೆಕ್ಕದ ಶೀಟ್ ನಿನ್ನೆ ಸಂಜೆ ನಿಮಗೆ ಮೇಲ್ ಮಾಡಿದ್ದೀನಿ, ಚಲನ್ ಮಾಡಿ ಹಣ ಕಟ್ಟೋದು ಮಾತ್ರ ಬಾಕಿ. ಬೇರೆ ಯಾವುದು ನಾಳೆಗೆ ನಿಂತರೂ ತೊಂದರೆ ಇಲ್ಲ.”

ಕೊನೆಯ ವಾಕ್ಯವನ್ನು ಬಿಡಬೇಡಿ. ಮ್ಯಾನೇಜರ್ ಮಧ್ಯಾಹ್ನ ಫೋನ್ ಮಾಡಿ “ಇನ್ನೇನಾದರೂ ಇದೆಯಾ” ಎಂದು ಕೇಳುವುದನ್ನು ಅದು ತಪ್ಪಿಸುತ್ತದೆ. 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಬರಲಿವೆ ನಿಜ. ಆದರೆ ಅವಕ್ಕೆ ಇನ್ನೂ ದಿನಗಳಿವೆ, ಇವತ್ತಿನ ಮೆಸೇಜಿನಲ್ಲಿ ಅವುಗಳಿಗೆ ಜಾಗವಿಲ್ಲ. ಬಾಕಿ ಕೆಲಸಗಳ ಪಟ್ಟಿಯನ್ನೇ ಒಪ್ಪಿಸಿದರೆ ಇವತ್ತು ಮಾಡಲೇಬೇಕಾದದ್ದು ಅದರಲ್ಲಿ ಮುಳುಗಿಹೋಗುತ್ತದೆ.

ಕೆಲಸ ಅರ್ಧದಲ್ಲೇ ಇದ್ದರೆ ಅದನ್ನೂ ಇದ್ದ ಹಾಗೆ ಹೇಳಿ: “ಸಂಬಳದ್ದು ಆಗಿದೆ, ಕಾಂಟ್ರಾಕ್ಟರುಗಳದ್ದು ಇನ್ನೂ ಆಗಿಲ್ಲ, ನಮ್ಮ ಆಡಿಟರ್ ಆಫೀಸಿನವರಿಗೆ ಹೇಳಿದರೆ ಮಾಡಿಕೊಡ್ತಾರೆ.” ಬದಲಿಗೆ ಸಹೋದ್ಯೋಗಿಯ ಹೆಸರು ಸೂಚಿಸುವಿರಾದರೆ ಮೊದಲು ಅವರನ್ನು ಒಂದು ಮಾತು ಕೇಳಿಕೊಳ್ಳಿ. ಅವರಿಗೇ ಗೊತ್ತಿಲ್ಲದೆ “ಅವರು ನೋಡ್ಕೋತಾರೆ” ಎಂದು ಬರೆಯುವುದು ಸರಿಯಲ್ಲ. ಮತ್ತು ಎಷ್ಟೇ ಅವಸರವಿರಲಿ, ಬ್ಯಾಂಕಿನ ಅಥವಾ ಪೋರ್ಟಲ್‌ನ ಪಾಸ್‌ವರ್ಡನ್ನು ವಾಟ್ಸಾಪಿನಲ್ಲಿ ಟೈಪ್ ಮಾಡಿ ಕಳಿಸಬೇಡಿ. ಅದನ್ನು ಫೋನಿನಲ್ಲೇ ಹೇಳಿ, ವಾಪಸ್ಸು ಹೋದ ಮೇಲೆ ಬದಲಾಯಿಸಿ.

ಹಂತ 5: ಕ್ಷಮೆ ಒಂದೇ ಸಲ, ಸರಿಯಾದ ವಿಷಯಕ್ಕೆ

ಶಾಲೆಯಲ್ಲಿ ಕಲಿತ ರಜಾ ಅರ್ಜಿ ನಮ್ಮ ಬೆರಳ ತುದಿಯಲ್ಲಿ ಇನ್ನೂ ಕೂತಿದೆ. “ದಯಮಾಡಿ ಒಂದು ದಿನದ ರಜೆಯನ್ನು ಮಂಜೂರು ಮಾಡಬೇಕಾಗಿ ತಮ್ಮಲ್ಲಿ ಸವಿನಯ ಪ್ರಾರ್ಥನೆ, ಇಂತಿ ತಮ್ಮ ವಿಧೇಯ ವಿದ್ಯಾರ್ಥಿ” ಎಂದು ಬರೆದೂ ಬರೆದೂ, ಕಾಯಿಲೆ ಬೀಳುವುದೇ ಒಂದು ಅಪರಾಧ ಎಂಬ ಧಾಟಿ ರೂಢಿಯಾಗಿಬಿಟ್ಟಿದೆ. ಮೊದಲ ಕರಡಿನಲ್ಲಿ ಸಾರಿ, ಬೇಜಾರು, ತಪ್ಪು ತಿಳ್ಕೋಬೇಡಿ ಎಂದು ಮೂರು ರೂಪದಲ್ಲಿ ಕ್ಷಮೆಯಿದೆ, ಮೂರೂ ಜ್ವರ ಬಂದದ್ದಕ್ಕೆ.

ಜ್ವರ ಬಂದದ್ದಕ್ಕೆ ಕ್ಷಮೆ ಕೇಳಬೇಕಾಗಿಲ್ಲ. ಆದರೆ ಕ್ಷಮೆಯೇ ಇಲ್ಲದ ಮೆಸೇಜು ನಮ್ಮ ಕಡೆ ತುಸು ಒಣಗಿದಂತೆ ಕಾಣುತ್ತದೆ, ಅದರಲ್ಲೂ ವಯಸ್ಸಿನಲ್ಲಿ ದೊಡ್ಡವರಾದ ಮ್ಯಾನೇಜರ್‌ಗೆ. ನಿಜಕ್ಕೂ ಇನ್ನೊಬ್ಬರಿಗೆ ಆಗುವ ತೊಂದರೆ ಯಾವುದು? ತಿಳಿಸಿದ್ದು ತಡವಾಯಿತು, ನಿಮ್ಮ ಕೆಲಸ ಅವರ ಮೇಲೆ ಬಿತ್ತು. ಕ್ಷಮೆ ಅದಕ್ಕೆ ಸಲ್ಲಲಿ:

“ಕೊನೇ ಗಳಿಗೆಯಲ್ಲಿ ಹೇಳ್ತಿರೋದಕ್ಕೆ ಸಾರಿ ಸರ್.”

ಇದನ್ನು ಕೆಲಸದ ವಿವರ ಆದಮೇಲೆ ಇಡಿ. ಮೊದಲೇ ಬಂದರೆ ಮುಂದೇನೋ ಕೆಟ್ಟ ಸುದ್ದಿ ಕಾದಿದೆ ಎನ್ನಿಸುತ್ತದೆ. ವ್ಯವಸ್ಥೆ ಹೇಳಿದ ಮೇಲೆ ಬಂದರೆ ಅದರ ಹಿಂದೆ ಏನೋ ಮಾಡಿದ್ದೀರಿ ಎಂಬುದು ಕಾಣುತ್ತದೆ. ತೂಕವನ್ನು ಸಂದರ್ಭ ನೋಡಿ ಏರಿಸಬಹುದು. ಅವತ್ತು ನಿಮ್ಮದೇ ಪ್ರೆಸೆಂಟೇಶನ್ ಇದ್ದರೆ, ಗಿರಾಕಿ ಊರಿಂದ ಬರುವವರಿದ್ದರೆ, “ಇವತ್ತು ನಾನಿಲ್ಲದಿದ್ದರೆ ನಿಮಗೆ ಕಷ್ಟವಾಗುತ್ತೆ ಅಂತ ಗೊತ್ತು, ದಯವಿಟ್ಟು ಕ್ಷಮಿಸಿ” ಎನ್ನಿ. ಆಗಲೂ ಒಂದೇ ವಾಕ್ಯ.

ದಿನಾ ಕನ್ನಡದಲ್ಲಿ ಮಾತಾಡುವ ಮ್ಯಾನೇಜರ್ ಜೊತೆ ಅವತ್ತೊಂದಿನ ಸರ್ಕಾರಿ ಪತ್ರದ ಭಾಷೆಗೋ ಇಂಗ್ಲಿಷಿನ ಔಪಚಾರಿಕ ಸಾಲುಗಳಿಗೋ ಜಿಗಿಯಬೇಡಿ. ಎಂದಿನ ಭಾಷೆ, ಎಂದಿನ ಸಂಬೋಧನೆ. ಸರ್ಕಾರಿ ಶಾಲೆ, ಕಚೇರಿಗಳಲ್ಲಿ ಮಾತ್ರ ರೂಢಿ ಬೇರೆ: ಮುಖ್ಯ ಶಿಕ್ಷಕರಿಗೆ ಫೋನ್ ಮಾಡಿ ತಿಳಿಸಿ, “ಅನಾರೋಗ್ಯದ ಕಾರಣ ಈ ದಿನ ಶಾಲೆಗೆ ಹಾಜರಾಗಲು ಸಾಧ್ಯವಾಗುತ್ತಿಲ್ಲ. ಒಂದು ದಿನದ ಸಾಂದರ್ಭಿಕ ರಜೆ ಮಂಜೂರು ಮಾಡಲು ಕೋರುತ್ತೇನೆ” ಎಂದು ಮೆಸೇಜು ಹಾಕಿ, ಬಂದ ಮೇಲೆ ಲಿಖಿತ ಅರ್ಜಿ ಕೊಡುವುದು.

ಹಂತ 6: ಮುಂದಿನ ಸುದ್ದಿ ಯಾವಾಗ

“ನಾಳೆ ಬರ್ತೀನೋ ಇಲ್ವೋ ಅಂತ ಸಂಜೆ 6ರೊಳಗೆ ತಿಳಿಸ್ತೀನಿ.”

ನಾಳೆಯ ಭರವಸೆಯ ಜಾಗದಲ್ಲಿ ಈ ಸಾಲು. ಬರುವುದು ನಿಮ್ಮ ಕೈಯಲ್ಲಿಲ್ಲ, ತಿಳಿಸುವುದು ಇದೆ. “ಏನಿದ್ರೂ ಫೋನ್ ಮಾಡಿ ಸರ್” ಎಂದು ಸೇರಿಸಲು ಕೈ ತುರಿಸುತ್ತದೆ. ಸೇರಿಸಿದರೆ ಫೋನ್ ಬಂದೇ ಬರುತ್ತದೆ. ಟಿಡಿಎಸ್‌ನಂಥ ಗಡುವಿದ್ದಾಗ ಮಿತಿ ಹಾಕಿ ಹೇಳಿ: “ಟಿಡಿಎಸ್ ಬಗ್ಗೆ ಏನಾದ್ರೂ ಬೇಕಿದ್ರೆ ಮೆಸೇಜ್ ಹಾಕಿ, ನೋಡಿ ಉತ್ತರಿಸ್ತೀನಿ.”

ಈಗ ಪೂರ್ತಿ ಮೆಸೇಜು:

“ಗುಡ್ ಮಾರ್ನಿಂಗ್ ಸರ್. ರಾತ್ರಿಯಿಂದ ಜ್ವರ ಇದೆ, ಇವತ್ತು ಆಫೀಸಿಗೆ ಬರೋಕಾಗಲ್ಲ. ಸಿಕ್ ಲೀವ್ ಹಾಕ್ತೀನಿ.
ಇವತ್ತು ಟಿಡಿಎಸ್ ಕಟ್ಟೋಕೆ ಕೊನೇ ದಿನ. ಲೆಕ್ಕದ ಶೀಟ್ ನಿನ್ನೆ ಸಂಜೆ ನಿಮಗೆ ಮೇಲ್ ಮಾಡಿದ್ದೀನಿ, ಚಲನ್ ಮಾಡಿ ಹಣ ಕಟ್ಟೋದು ಮಾತ್ರ ಬಾಕಿ. ಬೇರೆ ಯಾವುದು ನಾಳೆಗೆ ನಿಂತರೂ ತೊಂದರೆ ಇಲ್ಲ.
ಕೊನೇ ಗಳಿಗೆಯಲ್ಲಿ ಹೇಳ್ತಿರೋದಕ್ಕೆ ಸಾರಿ ಸರ್. ನಾಳೆ ಬರ್ತೀನೋ ಇಲ್ವೋ ಅಂತ ಸಂಜೆ 6ರೊಳಗೆ ತಿಳಿಸ್ತೀನಿ.”

ಮೊದಲ ಕರಡಿಗಿಂತ ಚಿಕ್ಕದು, ಆದರೂ ಕೆಲಸದ ವಿಷಯ ಅದಕ್ಕಿಂತ ಜಾಸ್ತಿ. ಗಡುವೇನೂ ಇಲ್ಲದ ಸಾದಾ ದಿನವಾದರೆ ನಡುವಿನ ಭಾಗವನ್ನು “ಅರ್ಜೆಂಟ್ ಕೆಲಸ ಯಾವುದೂ ಬಾಕಿ ಇಲ್ಲ” ಎಂದಷ್ಟಕ್ಕೆ ಇಳಿಸಬಹುದು.

ಹಂತ 7: ಕಳಿಸಿದ ಮೇಲೆ

ಒಂಬತ್ತಾದರೂ ಮೆಸೇಜು ಓದಿದ ಗುರುತು ಕಾಣದಿದ್ದರೆ ಒಮ್ಮೆ ಫೋನ್ ಮಾಡಿ. ಅಂದರೆ ಏಳಕ್ಕೆ ಕಳಿಸಿ ಮೊಬೈಲು ಆಫ್ ಮಾಡಿ ಮಲಗುವುದಲ್ಲ, ಅವರಿಗೆ ತಲುಪಿದೆ ಎಂದು ಖಾತ್ರಿಯಾಗುವವರೆಗೆ ಕೆಲಸ ಮುಗಿದಿಲ್ಲ. ಓದಿಯೂ ಉತ್ತರಿಸದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಎಷ್ಟೋ ಮ್ಯಾನೇಜರುಗಳು ಓದಿದ್ದನ್ನೇ ಒಪ್ಪಿಗೆ ಎಂದುಕೊಂಡಿರುತ್ತಾರೆ. ಮೌನ ಕಂಡು ಗಾಬರಿಯಾಗಿ ಎರಡನೇ ವಿವರಣೆ ಕಳಿಸಿದರೆ ಮೊದಲಿನದರ ಶ್ರಮವೆಲ್ಲ ವ್ಯರ್ಥ.

“ಏನಾಯ್ತು, ತುಂಬಾ ಜ್ವರನಾ?” ಎಂದು ಕೇಳಿದರೆ ಅದು ಸಾಮಾನ್ಯವಾಗಿ ಕಾಳಜಿ, ತನಿಖೆಯಲ್ಲ. “ಹೌದು ಸರ್, ಡಾಕ್ಟರ ಹತ್ರ ಹೋಗ್ತಿದ್ದೀನಿ. ಥ್ಯಾಂಕ್ಸ್” ಎಂದರೆ ಸಾಕು. “ಮಧ್ಯಾಹ್ನ ಒಂದು ಗಂಟೆ ಬಂದು ಹೋಗೋಕಾಗುತ್ತಾ?” ಎಂಬುದು ಬೇರೆ ಪ್ರಶ್ನೆ. ಅದಕ್ಕೆ “ಇವತ್ತು ಆಗಲ್ಲ ಸರ್. ಶೀಟಿನಲ್ಲಿ ಏನಾದ್ರೂ ಅನುಮಾನ ಬಂದ್ರೆ ಮೆಸೇಜ್ ಹಾಕಿ” ಎಂದು ಹೇಳಿ ನಿಲ್ಲಿಸಿ. ಯಾಕೆ ಆಗಲ್ಲ ಎಂದು ಮತ್ತೆ ಶುರುಮಾಡಿದರೆ ಮೊದಲ ಕರಡಿಗೇ ಬಂದು ಸೇರುತ್ತೀರಿ.

ರಜೆ ಹಾಕಲು ಆಫೀಸಿನಲ್ಲಿ ಪೋರ್ಟಲ್ ಅಥವಾ ರಿಜಿಸ್ಟರ್ ಇದ್ದರೆ ಅಲ್ಲೂ ದಾಖಲಾಗಬೇಕು. ವಾಟ್ಸಾಪಿನ “ಓಕೆ, ಟೇಕ್ ಕೇರ್” ಸಂಬಳದ ಲೆಕ್ಕ ಮಾಡುವವರಿಗೆ ಕಾಣುವುದಿಲ್ಲ. ತಿಂಗಳ ಕೊನೆಗೆ ಒಂದು ದಿನದ ಸಂಬಳ ಕಡಿತವಾಗಿರುವುದನ್ನು ಕಂಡು ಬೆಚ್ಚಿಬೀಳುವವರಲ್ಲಿ ಹೆಚ್ಚಿನವರು ತಪ್ಪಿಸಿಕೊಂಡಿರುವುದು ಈ ಹೆಜ್ಜೆಯನ್ನೇ.

ಸಂಜೆ ಆರಕ್ಕೆ ಮಾತು ಕೊಟ್ಟಂತೆ ತಿಳಿಸಿ. ಈಗ ಇನ್ನೂ ಚಿಕ್ಕದು: “ಸರ್, ಜ್ವರ ಇನ್ನೂ ಬಿಟ್ಟಿಲ್ಲ. ಡಾಕ್ಟರು ಎರಡು ದಿನ ರೆಸ್ಟ್ ಹೇಳಿದ್ದಾರೆ. ಸೋಮವಾರ ಬರ್ತೀನಿ. ಟಿಡಿಎಸ್ ಆಯ್ತಾ?” ಇಲ್ಲಿ ಕ್ಷಮೆ ಮತ್ತೆ ಬೇಕಿಲ್ಲ, ಮುಂಚಿತವಾಗಿಯೇ ಹೇಳುತ್ತಿದ್ದೀರಿ. ದಿನ ಹೆಚ್ಚಾದಾಗ ಆಫೀಸಿನವರು ವೈದ್ಯರ ಚೀಟಿ ಕೇಳುವುದುಂಟು, ಎಷ್ಟು ದಿನದ ಮೇಲೆ ಎಂಬುದು ಆಯಾ ಆಫೀಸಿನ ನಿಯಮ. ಕೇಳುವ ಮೊದಲೇ ರಕ್ತಪರೀಕ್ಷೆಯ ವರದಿಯ ಫೋಟೋ ಕಳಿಸಬೇಡಿ. ಕೇಳಿದಾಗಲೂ ವಿಶ್ರಾಂತಿ ಬೇಕೆಂದು ಬರೆದ ಸರ್ಟಿಫಿಕೇಟು ಸಾಕು, ಪರೀಕ್ಷೆಯ ಅಂಕಿಗಳು ಬೇಡ.

ಈ ಹುಡುಗಿಯ ಹಾಗೆ ತಿಂಗಳ ಸಂಬಳ 21,000ದ ಒಳಗಿದ್ದು ಇಎಸ್‌ಐ ಕಡಿತವಾಗುತ್ತಿದ್ದರೆ ಇನ್ನೊಂದು ವಿಷಯ ಗೊತ್ತಿರಲಿ. ಕಾಯಿಲೆ ಉದ್ದವಾಗಿ ಸಂಬಳದ ರಜೆ ಮುಗಿದುಹೋದರೆ ಇಎಸ್‌ಐ ದಿನಗೂಲಿಯ ಶೇಕಡಾ 70ರಷ್ಟನ್ನು ವರ್ಷಕ್ಕೆ 91 ದಿನಗಳವರೆಗೆ ಕೊಡುತ್ತದೆ, ಸಾಮಾನ್ಯವಾಗಿ ಮೊದಲ ಎರಡು ದಿನ ಬಿಟ್ಟು. ಅದಕ್ಕೆ ನಿಗದಿತ ಅವಧಿಯ ವಂತಿಗೆ ಕಟ್ಟಿರಬೇಕು, ಮತ್ತು ಸರ್ಟಿಫಿಕೇಟು ಇಎಸ್‌ಐ ವೈದ್ಯರದ್ದಾಗಿರಬೇಕು. ಹಾಗಾಗಿ ಜ್ವರ ಬಿಡುವ ಲಕ್ಷಣ ಕಾಣದಿದ್ದರೆ ಪಕ್ಕದ ಬೀದಿಯ ಕ್ಲಿನಿಕ್ಕಿಗೆ ಹೋಗುವ ಬದಲು ಮೊದಲ ದಿನವೇ ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ ತೋರಿಸಿ, ಅಲ್ಲಿಂದಲೇ ಚೀಟಿ ಬರೆಸಿಕೊಳ್ಳಿ.